ನೆತ್ತಿ ಹತ್ತಿದ್ದು ನಿಂತಿತು ಅಂತ ಸುಮ್ಮನಾಗಬೇಡಿ

ಸಂಕ್ರಾಂತಿ ದಿನದ ಸಂಜೆ. ನಮ್ಮ ಎದುರುಮನೆಗೆ ಎಳ್ಳು ಬೀರಲು ಹೋಗಿದ್ದೆ. ಆ ಮನೆಯ ಮೊಮ್ಮಗನಿಗೆ ಒಂದು ವರ್ಷ ಹತ್ತು ತಿಂಗಳು. ಹೊಸ ಜುಬ್ಬ ಹಾಕ್ಕೊಂಡು ಹಾಲ್‌ನಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಹಾಲ್‌ಗೆ ಓಡ್ತಾ ಇದ್ದ. ಯಾರೋ ಒಂದು ಚಿಟಿಕೆ ಎಳ್ಳು-ಬೆಲ್ಲ ಅವನ ಕೈಗೆ ಹಾಕಿದರು. ಬಾಯಿಗೆ ಹಾಕ್ಕೊಂಡು, ನಗ್ತಾ ಮತ್ತೆ ಓಡಿದ. ಎರಡು ಹೆಜ್ಜೆ ಹೋಗಿಲ್ಲ, ಕೆಮ್ಮು ಶುರುವಾಯ್ತು. ಮುಖ ಕೆಂಪಗಾಗಿ ಕಣ್ಣಲ್ಲಿ ನೀರು ಬಂತು. ಅಜ್ಜಿ ಓಡಿಬಂದು ತಲೆ ತಟ್ಟಿದರು. ‘ಏನಿಲ್ಲ, ನೆತ್ತಿ ಹತ್ತಿದೆ. ಯಾರೋ ನೆನಸ್ಕೋತಿದಾರೆ ಕಂದಾ’ ಅಂತ ಎರಡು ಗುಟುಕು ನೀರು ಕುಡಿಸಿದರು. ಒಂದೆರಡು ನಿಮಿಷದಲ್ಲಿ ಕೆಮ್ಮು ನಿಂತಿತು. ಮಗು ಮತ್ತೆ ಆಟಕ್ಕೆ ಹೋಯ್ತು, ನಾವು ಅರಿಶಿನ-ಕುಂಕುಮಕ್ಕೆ ಕೂತೆವು.

ಮೂರನೇ ದಿನ ಮಗುವಿಗೆ ಕೆಮ್ಮು ಬಂತು. ಮೂಗು ಸೋರುತ್ತಿರಲಿಲ್ಲ, ಶೀತ ಇರಲಿಲ್ಲ, ಬರೀ ಕೆಮ್ಮು. ರಾತ್ರಿ ಮಲಗಿದರೆ ಎದೆಯಲ್ಲಿ ಸುಯ್ ಸುಯ್ ಅನ್ನುವ ಶಬ್ದ. ಹತ್ತಿರದ ಕ್ಲಿನಿಕ್‌ನಲ್ಲಿ ಸಿರಪ್ ಕೊಟ್ಟರು. ಜ್ವರವೂ ಸೇರಿಕೊಂಡಿತು, ಆ್ಯಂಟಿಬಯಾಟಿಕ್ ಶುರುವಾಯ್ತು. ಐದು ದಿನ ಹುಷಾರು, ಆರನೇ ದಿನ ಮತ್ತೆ ಅದೇ ಕೆಮ್ಮು. ಮನೆಗೆ ನೆಬ್ಯುಲೈಸರ್ ಬಂತು. ಬೆಂಗಳೂರಿನ ಧೂಳು, ಅಲರ್ಜಿ, ಚಳಿ ಅಂತ ಎಲ್ಲರೂ ಒಂದೊಂದು ಕಾರಣ ಹೇಳಿದೆವು. ನಾನೂ ಹೇಳಿದ್ದೆ.

ಮೂರೂವರೆ ವಾರದ ನಂತರ ಬೇರೆ ಮಕ್ಕಳ ಡಾಕ್ಟರ್ ಹತ್ತಿರ ಹೋದಾಗ ಅವರು ಎದೆಗೆ ಸ್ಟೆತಸ್ಕೋಪ್ ಇಟ್ಟು ಎಡಕ್ಕೊಮ್ಮೆ, ಬಲಕ್ಕೊಮ್ಮೆ ತುಂಬ ಹೊತ್ತು ಕೇಳಿದರಂತೆ. ಬಲಗಡೆ ಗಾಳಿಯಾಡುವ ಶಬ್ದ ಕಡಿಮೆ ಇತ್ತು. ಆಮೇಲೆ ಒಂದೇ ಪ್ರಶ್ನೆ ಕೇಳಿದರು: ‘ಕೆಮ್ಮು ಶುರುವಾಗೋ ಮುಂಚೆ ಯಾವತ್ತಾದ್ರೂ ಏನಾದ್ರೂ ತಿನ್ನುವಾಗ ಗಂಟಲಿಗೆ ಸಿಕ್ಕಿಕೊಂಡಿತ್ತಾ?’ ತಾಯಿ ಇಲ್ಲ ಅಂದಳು. ಪಕ್ಕದಲ್ಲಿ ಕೂತಿದ್ದ ಅಜ್ಜಿಗೆ ನೆನಪಾಯ್ತು, ‘ಹಬ್ಬದ ದಿನ ನೆತ್ತಿ ಹತ್ತಿತ್ತಲ್ಲ!’ ಮಾರನೇ ದಿನ ಆಸ್ಪತ್ರೆಯಲ್ಲಿ ಮಗುವಿಗೆ ಅರಿವಳಿಕೆ ಕೊಟ್ಟು, ಬಾಯಿಯ ಮೂಲಕ ಬ್ರಾಂಕೋಸ್ಕೋಪ್ ಅನ್ನುವ ಕೊಳವೆ ಇಳಿಸಿ, ಬಲ ಶ್ವಾಸಕೋಶದ ದಾರಿಯಿಂದ ಅರ್ಧ ಕಡ್ಲೆಕಾಯಿ ಬೀಜ ಹೊರಗೆ ತೆಗೆದರು. ಎರಡು ಭಾಗವಾಗುತ್ತಲ್ಲ, ಅದರಲ್ಲಿ ಒಂದು ಹೋಳು. ಅಷ್ಟೇ.

‘ನೆತ್ತಿ ಹತ್ತೋದು’ ಅನ್ನೋ ಮಾತು ನಮ್ಮಲ್ಲಿ ಎಷ್ಟು ರೂಢಿ ಆಗಿದೆಯೆಂದರೆ, ಅದು ಏನು ಅಂತ ನಾವು ಯೋಚಿಸುವುದೇ ಇಲ್ಲ. ಆಹಾರ ನೆತ್ತಿಗೆ ಹೋಗುವುದಿಲ್ಲ. ಅನ್ನನಾಳಕ್ಕೆ ಇಳಿಯಬೇಕಾದದ್ದು ಅದರ ಮುಂದೆಯೇ ಇರುವ ಉಸಿರಿನ ಕೊಳವೆಗೆ ಜಾರುತ್ತದೆ. ಅದನ್ನು ಹೊರಗೆ ತಳ್ಳಲು ಕೆಮ್ಮು ಬರುತ್ತದೆ. ಸಾಮಾನ್ಯವಾಗಿ ನೀರೋ, ಅನ್ನದ ಅಗುಳೋ ಆಗಿದ್ದರೆ ಕೆಮ್ಮಿನ ಜೊತೆ ಹೊರಬರುತ್ತದೆ, ಅಲ್ಲಿಗೆ ಕಥೆ ಮುಗಿಯಿತು. ಆದರೆ ಕಡ್ಲೆಕಾಯಿ ಬೀಜದ ಚೂರಾಗಿದ್ದರೆ ಕೆಮ್ಮು ನಿಲ್ಲುವುದಕ್ಕೆ ಎರಡು ಕಾರಣ ಇರಬಹುದು. ಒಂದು, ಚೂರು ಹೊರಗೆ ಬಂದಿರಬಹುದು. ಎರಡು, ಇನ್ನೂ ಕೆಳಗೆ ಜಾರಿ ಶ್ವಾಸಕೋಶದ ಒಂದು ಕವಲಿನಲ್ಲಿ ಕೂತಿರಬಹುದು. ಬಲಗಡೆಯ ಕವಲು ಎಡದ್ದಕ್ಕಿಂತ ಅಗಲ ಮತ್ತು ನೇರ, ಹಾಗಾಗಿ ಬಹಳ ಸಲ ಅಲ್ಲಿಗೇ ಹೋಗುತ್ತದೆ. ಕೊಳವೆಯ ಮೇಲ್ಭಾಗದಲ್ಲಿ ಕೆಮ್ಮು ಬರಿಸುವಷ್ಟು ಕಿರಿಕಿರಿ ಕೆಳಗಿನ ಕವಲಿನಲ್ಲಿ ಇರುವುದಿಲ್ಲ. ಮಗು ಒಂದೆರಡು ದಿನ ಆರಾಮಾಗಿ ಆಡಿಕೊಂಡಿರುತ್ತದೆ.

ಅಷ್ಟರಲ್ಲಿ ಒಳಗೆ ಬೀಜ ತೇವ ಹೀರಿ ಊದಿಕೊಳ್ಳುತ್ತದೆ. ಅದರ ಎಣ್ಣೆ ಅಂಶ ಒಳಪದರವನ್ನು ಕೆರಳಿಸಿ ಬಾವು ಬರಿಸುತ್ತದೆ. ಕಫ ಕಟ್ಟುತ್ತದೆ, ಸೋಂಕು ಹತ್ತುತ್ತದೆ, ನ್ಯುಮೋನಿಯಾ ಥರ ಕಾಣುತ್ತದೆ. ಆ್ಯಂಟಿಬಯಾಟಿಕ್ ಕೊಟ್ಟರೆ ಸೋಂಕು ಇಳಿದ ಹಾಗೆ ಆಗಿ, ಬೀಜ ಅಲ್ಲೇ ಇರುವುದರಿಂದ ಮತ್ತೆ ಬರುತ್ತದೆ. ಎಕ್ಸ್-ರೇ ತೆಗೆಸಿದರೆ ಗೊತ್ತಾಗುತ್ತಲ್ಲ ಅಂತೀರಾ? ನಾಣ್ಯ ನುಂಗಿದ್ದರೆ ಬೆಳ್ಳಗೆ ಕಾಣುತ್ತದೆ. ಕಡ್ಲೆಕಾಯಿ ಬೀಜ ಎಕ್ಸ್-ರೇನಲ್ಲಿ ಕಾಣುವುದಿಲ್ಲ. ಒಂದು ಕಡೆ ಶ್ವಾಸಕೋಶದಲ್ಲಿ ಗಾಳಿ ಹೆಚ್ಚು ತುಂಬಿಕೊಂಡಿದೆ ಅನ್ನುವಂಥ ಸುಳಿವು ಕೆಲವೊಮ್ಮೆ ಸಿಗುತ್ತದೆ, ಕೆಲವೊಮ್ಮೆ ಎಕ್ಸ್-ರೇ ಚೆನ್ನಾಗಿಯೇ ಬರುತ್ತದೆ. ಅದಕ್ಕೇ ಡಾಕ್ಟರ್‌ಗೆ ಮನೆಯವರ ಮಾತೇ ದೊಡ್ಡ ಆಧಾರ. ‘ಈ ದಿನ ಇದನ್ನು ತಿನ್ನುವಾಗ ಇದ್ದಕ್ಕಿದ್ದಂತೆ ಕೆಮ್ಮಿತು’ ಅನ್ನುವ ಒಂದು ವಾಕ್ಯ. ಅದನ್ನು ಅವರು ಕೇಳಲಿ ಅಂತ ಕಾಯಬೇಡಿ, ನೀವೇ ಹೇಳಿ. ಮಗುವನ್ನು ಹಗಲು ನೋಡಿಕೊಳ್ಳುವ ಅಜ್ಜಿಯೋ ಆಯಾನೋ ಇದ್ದರೆ ಅವರನ್ನೂ ಕೇಳಿಕೊಂಡು ಹೋಗಿ. ಕೆಮ್ಮಿದಾಗ ಬಾಯಲ್ಲಿ ಬೀಜ ಇತ್ತು, ಆಮೇಲೆ ಶೀತವಿಲ್ಲದೆ ಕೆಮ್ಮು ಅಥವಾ ಎದೆಯಲ್ಲಿ ಶಬ್ದ ಶುರುವಾಯ್ತು ಅಂದರೆ, ಅದು ‘ನೋಡೋಣ, ಎರಡು ದಿನ ಬಿಟ್ಟು’ ಅನ್ನುವ ವಿಷಯ ಅಲ್ಲ, ಆವತ್ತೇ ತೋರಿಸಬೇಕಾದ್ದು.

ನಮ್ಮ ದೇಶದಲ್ಲಿ ಮಕ್ಕಳ ಶ್ವಾಸಕೋಶದಿಂದ ಡಾಕ್ಟರ್‌ಗಳು ಹೊರತೆಗೆಯುವ ವಸ್ತುಗಳಲ್ಲಿ ಕಡ್ಲೆಕಾಯಿ ಬೀಜವೇ ಮುಂದು. ಆಶ್ಚರ್ಯವೇನಿಲ್ಲ. ನಮ್ಮ ಅಡುಗೆಯಲ್ಲಿ ಅದಿಲ್ಲದ ದಿನ ಯಾವುದು ಹೇಳಿ? ಚಿತ್ರಾನ್ನದಲ್ಲಿ, ಪುಳಿಯೋಗರೆಯಲ್ಲಿ, ಒಗ್ಗರಣೆ ಅವಲಕ್ಕಿಯಲ್ಲಿ, ಸಂಜೆ ಕಾಫಿಗೆ ಕಾಂಗ್ರೆಸ್ ಕಡ್ಲೆಕಾಯಿಯಲ್ಲಿ, ಕಾರ್ತೀಕದಲ್ಲಿ ಬಸವನಗುಡಿಯ ಪರಿಷೆಯಿಂದ ತಂದ ಸೇರುಗಟ್ಟಲೆಯಲ್ಲಿ. ದೊಡ್ಡವರಿಗೆ ಬಡಿಸಿದ ಚಿತ್ರಾನ್ನವನ್ನೇ ಒಂದು ತುತ್ತು ಮಗುವಿನ ಬಾಯಿಗೂ ಇಡುತ್ತೇವೆ.

‘ಚೆನ್ನಾಗಿ ಅಗಿದು ತಿನ್ನು ಪುಟ್ಟಾ’ ಅಂತ ಹೇಳಿದರೆ ಆಗಲ್ವೇ ಅಂತ ನಾನೂ ಅಂದುಕೊಂಡಿದ್ದೆ. ಆಗಲ್ಲ, ಯಾಕೆಂದರೆ ಅಗಿಯುವ ಹಲ್ಲೇ ಇರುವುದಿಲ್ಲ. ಮೊದಲು ಬರುವುದು ಮುಂದಿನ ಹಲ್ಲು, ಅದು ಕಚ್ಚುವುದಕ್ಕೆ. ಅರೆಯುವ ದವಡೆ ಹಲ್ಲು ಶುರುವಾಗುವುದು ವರ್ಷ ತುಂಬಿದ ಮೇಲೆ, ಎಲ್ಲ ಬರುವ ಹೊತ್ತಿಗೆ ಎರಡೂವರೆ, ಮೂರು ವರ್ಷ. ಅಂದರೆ ಒಂದೂವರೆ ವರ್ಷದ ಕೂಸು ಕ್ಯಾರೆಟ್‌ನಿಂದ ಗಟ್ಟಿ ತುಂಡೊಂದನ್ನು ಚೆನ್ನಾಗಿ ಕಚ್ಚಿ ಮುರಿಯಬಲ್ಲದು, ಆಮೇಲೆ ಅದನ್ನು ಏನೂ ಮಾಡಲಾರದು. ಇಡೀ ತುಂಡು ಹಾಗೇ ಹಿಂದಕ್ಕೆ ಹೋಗುತ್ತದೆ. ಮಗುವಿನ ಉಸಿರಿನ ಕೊಳವೆ ಹೆಚ್ಚು ಕಡಿಮೆ ಅದರ ಕಿರುಬೆರಳಿನಷ್ಟು ದಪ್ಪ. ಅದರ ಕೆಮ್ಮಿಗೂ ನಮ್ಮಷ್ಟು ಬಲ ಇಲ್ಲ. ದವಡೆ ಹಲ್ಲು ಬಂದ ಮೇಲೂ ತಿನ್ನುವಾಗ ಓಡುವುದು, ನಗುವುದು ಹೋಗಿರುವುದಿಲ್ಲ. ಹೀಗಾಗಿಯೇ ಇಡೀ ಬೀಜಗಳನ್ನು ಐದು ವರ್ಷದ ತನಕ ಕೊಡಬೇಡಿ ಅನ್ನುವುದು. ಬಾದಾಮಿ, ಗೋಡಂಬಿ, ಹುರಿಗಡಲೆ, ಪಾಪ್‌ಕಾರ್ನ್ ಎಲ್ಲ ಇದೇ ಲೆಕ್ಕಕ್ಕೆ ಸೇರುತ್ತವೆ. ಬಾದಾಮಿಯನ್ನು ರಾತ್ರಿ ನೆನೆಸಿ ಸಿಪ್ಪೆ ತೆಗೆದು ಕೊಡುತ್ತೇವೆ, ಅದು ಮೆತ್ತಗಾಗಿರುತ್ತಲ್ಲ ಅನ್ನುವವರಿದ್ದಾರೆ. ಬೆರಳಿನಲ್ಲಿ ಒತ್ತಿ ನೋಡಿ, ನುಣ್ಣಗಾಗುತ್ತದೆಯೇ? ಇಲ್ಲ. ಅದನ್ನು ಅರೆದೇ ಕೊಡಬೇಕು.

ಬೀಜ ಕೊಡಬೇಡಿ ಅಂದರೆ ಕಡ್ಲೆಕಾಯಿಯನ್ನೇ ಬಿಡಿ ಅಂತ ಅಲ್ಲ. ನುಣ್ಣಗೆ ಪುಡಿ ಮಾಡಿದ ಕಡ್ಲೆಕಾಯಿಯನ್ನು ಎಳೆಯ ಮಕ್ಕಳಿಗೂ ಕೊಡಬಹುದು. ಬೇಗ ರೂಢಿ ಮಾಡಿಸಿದರೆ ಅದರ ಅಲರ್ಜಿ ಕಡಿಮೆಯಾಗುತ್ತದೆ ಅಂತ 2015ರಲ್ಲಿ ಪ್ರಕಟವಾದ, ಲಂಡನ್ನಿನಲ್ಲಿ ನಡೆದ ದೊಡ್ಡ ಅಧ್ಯಯನವೇ ತೋರಿಸಿದೆ. (ಮೈಮೇಲೆ ಜೋರಾದ ಎಕ್ಸಿಮಾ ಇರುವ ಮಗುವಾದರೆ ಮೊದಲ ಸಲ ಕೊಡುವ ಮುಂಚೆ ಡಾಕ್ಟರನ್ನು ಕೇಳಿ. ಉಳಿದವರು ಮೊದಲ ಸಲ ಚಮಚದ ತುದಿಯಷ್ಟು, ಹಗಲು ಹೊತ್ತಿನಲ್ಲಿ ಕೊಟ್ಟು ನೋಡಿ.) ಆದ್ದರಿಂದ ಮಗುವಿಗೆ ಬೇಡ ಅನ್ನಬೇಕಾದ್ದು ಅದರ ರೂಪಕ್ಕೆ ಮಾತ್ರ.

ಎಳ್ಳು-ಬೆಲ್ಲವನ್ನೇ ನೋಡಿ. ಕಡ್ಲೆಕಾಯಿ, ಹುರಿಗಡಲೆ, ಕೊಬ್ಬರಿ ಚೂರು, ಬೆಲ್ಲದ ಚೂರು, ಎಳ್ಳು. ಎಳ್ಳು ಬಿಟ್ಟರೆ ಉಳಿದ ನಾಲ್ಕೂ ಮಗುವಿಗೆ ಕಷ್ಟವೇ. ನಾನು ಈಗ ಚಿಕ್ಕ ಮಕ್ಕಳಿಗೆ ಅಂತ ಬೇರೆ ಮಾಡುತ್ತೇನೆ. ಹುರಿದು ಸಿಪ್ಪೆ ಉದುರಿಸಿದ ಕಡ್ಲೆಕಾಯಿ ಬೀಜ ಕಾಲು ಕಪ್, ಹುರಿಗಡಲೆ ಕಾಲು ಕಪ್, ಹುರಿದ ಎಳ್ಳು ಒಂದು ಚಮಚ, ಕೊಬ್ಬರಿ ತುರಿ ಎರಡು ಚಮಚ. ಇವನ್ನು ಪೂರ್ತಿ ತಣ್ಣಗಾದ ಮೇಲೆ ಮಿಕ್ಸಿಯಲ್ಲಿ ನಿಲ್ಲಿಸಿ ನಿಲ್ಲಿಸಿ ತಿರುಗಿಸಬೇಕು. ಒಂದೇ ಸಮನೆ ತಿರುಗಿಸಿದರೆ ಕಡ್ಲೆಕಾಯಿ ಎಣ್ಣೆ ಬಿಟ್ಟು ಮುದ್ದೆಯಾಗಿ, ಮಧ್ಯೆ ಚೂರು ಉಳಿದದ್ದು ಗೊತ್ತೇ ಆಗುವುದಿಲ್ಲ. ಹುರಿಗಡಲೆ ಜೊತೆಗಿದ್ದರೆ ಎಣ್ಣೆ ಹೀರಿಕೊಳ್ಳುತ್ತದೆ. ಆಮೇಲೆ ಹಿಟ್ಟು ಜರಡಿಯಲ್ಲಿ ಆಡಿಸಿ. ಜರಡಿಯಲ್ಲಿ ಉಳಿದ ತರಿಯನ್ನು ಮತ್ತೆ ಮಿಕ್ಸಿಗೆ ಹಾಕಿ, ಇಲ್ಲವೇ ಪಲ್ಯಕ್ಕೆ ಇಟ್ಟುಕೊಳ್ಳಿ. ಕೊನೆಗೆ ಪುಡಿಬೆಲ್ಲ ಬೆರೆಸಿ.

ಈ ಪುಡಿಯನ್ನು ಹಾಗೇ ಒಣಗಿದ್ದನ್ನೇ ಬಾಯಿಗೆ ಹಾಕಬೇಡಿ. ಒಣ ಹಿಟ್ಟು ಬಾಯಿಗೆ ಹಾಕಿಕೊಂಡು ನಕ್ಕರೆ ಏನಾಗುತ್ತದೆ ಅಂತ ಹುರಿಹಿಟ್ಟು ತಿಂದವರಿಗೆಲ್ಲ ಗೊತ್ತು. ಹಿಸುಕಿದ ಬಾಳೆಹಣ್ಣಿಗೋ, ಬೆಚ್ಚಗಿನ ರಾಗಿ ಸರಿಗೋ ಒಂದೆರಡು ಚಮಚ ಕಲಸಿ ಕೊಡಿ. ಹಬ್ಬದ ರುಚಿ ಹಾಗೇ ಇರುತ್ತದೆ. ಅಂಗಡಿಯ ಪೀನಟ್ ಬಟರ್ ಆದರೆ ಚೂರಿಲ್ಲದ ನುಣುಪಾದದ್ದು ತಂದು, ಬ್ರೆಡ್ ಮೇಲೆ ತೆಳ್ಳಗೆ ಸವರಿ. ಚಮಚದಲ್ಲಿ ಮುದ್ದೆಯಾಗಿ ನೆಕ್ಕಲು ಕೊಟ್ಟರೆ ಅದೂ ಗಂಟಲಿಗೆ ಅಂಟಿಕೊಳ್ಳುತ್ತದೆ. ಸಕ್ಕರೆ ಅಚ್ಚನ್ನು ಮಗುವಿನ ಕೈಗೆ ಕೊಡುವ ಬದಲು ಹಾಲಿಗೆ ಹಾಕಿ ಕರಗಿಸಿಬಿಡಿ.

ಅದೇ ಹಬ್ಬದಲ್ಲಿ ಇನ್ನೊಂದು ಶಾಸ್ತ್ರ ಇದೆಯಲ್ಲ, ಚಿಕ್ಕ ಮಕ್ಕಳನ್ನು ಮಣೆ ಮೇಲೆ ಕೂರಿಸಿ ತಲೆ ಮೇಲಿಂದ ಎಲಚಿ ಹಣ್ಣು, ಕಬ್ಬಿನ ಚೂರು, ಚಿಲ್ಲರೆ ಕಾಸು ಎರೆಯುವುದು. ಶಾಸ್ತ್ರ ಬಿಡಬೇಕಾಗಿಲ್ಲ. ಆದರೆ ಎರೆದ ಕೂಡಲೇ ಸುತ್ತ ಬಿದ್ದದ್ದಕ್ಕೆ ಮಗು ಕೈ ಹಾಕುತ್ತದೆ, ಆಗ ನಾವೆಲ್ಲ ಫೋಟೊ ತೆಗೆಯುವುದರಲ್ಲಿರುತ್ತೇವೆ. ಎಲಚಿಯ ಗಟ್ಟಿ ಬೀಜ, ಒಂದು ರೂಪಾಯಿ ಕಾಸು, ಎರಡೂ ಆ ಗಂಟಲಿಗೆ ಸರಿಯಾದ ಅಳತೆ. ಮಣೆಯ ಕೆಳಗೆ ಒಂದು ಹಳೇ ಸೀರೆ ಹಾಸಿ, ಮಗುವನ್ನು ಎತ್ತಿಕೊಂಡ ಮೇಲೆ ನಾಲ್ಕೂ ತುದಿ ಹಿಡಿದು ಒಟ್ಟಿಗೆ ಬಳಿದುಬಿಟ್ಟರೆ ಒಂದೂ ಸೋಫಾ ಕೆಳಗೆ ಉರುಳಿ ಉಳಿಯುವುದಿಲ್ಲ.

ಇನ್ನು ದ್ರಾಕ್ಷಿ. ಕಡ್ಲೆಕಾಯಿ ವಾರಗಟ್ಟಲೆ ಸತಾಯಿಸುತ್ತದೆ, ದ್ರಾಕ್ಷಿ ಅಷ್ಟು ಸಮಯ ಕೊಡುವುದಿಲ್ಲ. ನುಣುಪಾದ, ದುಂಡನೆಯ, ಒತ್ತಿದರೆ ಬಗ್ಗುವ ಹಣ್ಣು ಗಂಟಲಲ್ಲಿ ಕೂತರೆ ಬಾಟಲಿಗೆ ಬಿರಡೆ ಹಾಕಿದ ಹಾಗೆ ಸುತ್ತ ಒಂದೆಳೆ ಗಾಳಿಗೂ ಜಾಗ ಬಿಡದೆ ಮುಚ್ಚುತ್ತದೆ. ಗಟ್ಟಿ ವಸ್ತುವಾದರೆ ಅಂಚಿನಲ್ಲಿ ಸ್ವಲ್ಪ ಸಂದು ಇರಬಹುದು, ದ್ರಾಕ್ಷಿ ಸಂದಿನ ಆಕಾರಕ್ಕೇ ಹೊಂದಿಕೊಳ್ಳುತ್ತದೆ. ಸಿಪ್ಪೆ ಗಟ್ಟಿಯಿರುವುದರಿಂದ ಒಡೆಯುವುದೂ ಇಲ್ಲ. ನಮ್ಮಲ್ಲಿ ಫೆಬ್ರುವರಿಯಿಂದ ಬೇಸಿಗೆ ತನಕ ತಳ್ಳುಗಾಡಿಗಳಲ್ಲಿ ತುಂಬಿರುವ ಬೀಜವಿಲ್ಲದ ಹಸಿರು ದ್ರಾಕ್ಷಿ, ಬೀಜ ಇಲ್ಲ ಅನ್ನುವ ಕಾರಣಕ್ಕೇ ಮಕ್ಕಳಿಗೆ ಒಳ್ಳೆಯದು ಅಂತ ಇಡಿಯಾಗಿ ಕೊಡುತ್ತೇವೆ. ಬೀಜದ ಮಾತೇ ಅಲ್ಲ ಇಲ್ಲಿ.

ದ್ರಾಕ್ಷಿಯನ್ನು ಉದ್ದಕ್ಕೆ ಸೀಳಬೇಕು, ತೊಟ್ಟಿನಿಂದ ತುದಿಗೆ. ಅಡ್ಡ ಕತ್ತರಿಸಿದರೆ ಎರಡು ದುಂಡನೆಯ ಬಿಲ್ಲೆಗಳಾಗುತ್ತವೆ, ಅಗಲ ಮೊದಲಿನಷ್ಟೇ ಉಳಿಯುತ್ತದೆ. ಕೊಳವೆ ಮುಚ್ಚುವುದು ಅಗಲವೇ ಹೊರತು ಉದ್ದ ಅಲ್ಲ. ಉದ್ದಕ್ಕೆ ಎರಡಾಗಿ ಸೀಳಿ, ಆ ಎರಡನ್ನೂ ಮತ್ತೆ ಉದ್ದಕ್ಕೇ ಸೀಳಿದರೆ ಒಂದು ಹಣ್ಣಿಗೆ ನಾಲ್ಕು ತೆಳ್ಳನೆಯ ಹೋಳು. ನಮ್ಮ ಬೆಂಗಳೂರು ನೀಲಿ ದ್ರಾಕ್ಷಿಯಾದರೆ ಸಿಪ್ಪೆ ಬಿಡಿಸಿ ಬೀಜ ತೆಗೆದು ತಿರುಳನ್ನು ಹಿಸುಕಿ ಕೊಡಿ, ಇಡೀ ತಿರುಳು ಜಾರುವ ಗೋಲಿಯೇ. ಹತ್ತು ದ್ರಾಕ್ಷಿ ಸೀಳಲು ಎರಡು ನಿಮಿಷ ಸಾಕು. ಚೆರ್ರಿ ಟೊಮ್ಯಾಟೊಗೂ ಹೀಗೇ. ನೇರಳೆಯ ಬೀಜ ತೆಗೆದು ತಿರುಳು ಕೊಡಿ. ಐದು ವರ್ಷದವರೆಗೆ ಈ ಸೀಳುವ ಕೆಲಸ ಇದ್ದದ್ದೇ, ಸ್ಕೂಲಿನ ಟಿಫನ್ ಡಬ್ಬಿಗೂ.

ಹಸಿ ಕ್ಯಾರೆಟ್ ವಿಷಯದಲ್ಲಿ ನಮ್ಮ ಹಿರಿಯರು ಮೊದಲೇ ದಾರಿ ಮಾಡಿಟ್ಟಿದ್ದಾರೆ. ಕೋಸಂಬರಿಗೆ ಯಾರಾದರೂ ಕ್ಯಾರೆಟ್ಟನ್ನು ಬಿಲ್ಲೆ ಹೆಚ್ಚಿ ಹಾಕುತ್ತಾರೆಯೇ? ತುರಿಯುತ್ತೇವೆ. ಮಗುವಿಗೂ ಸಣ್ಣ ತೂತಿನ ಕಡೆಯಿಂದ ತುರಿದು, ಮೊಸರಿಗೆ ಕಲಸಿ ಕೊಟ್ಟರೆ ಆಯಿತು. (ಕೋಸಂಬರಿಯ ನೆನೆದ ಹೆಸರುಬೇಳೆ ಹಸಿಯದು, ಅದನ್ನು ಎರಡು ವರ್ಷದೊಳಗಿನವರಿಗೆ ಬೇಯಿಸಿ ಹಾಕಿ.) ಹಲ್ಲು ಬರುತ್ತಿದೆ, ಕಚ್ಚಲಿ ಅಂತ ಇಡೀ ಹಸಿ ಕ್ಯಾರೆಟ್ ಕೈಗೆ ಕೊಡುವ ಅಭ್ಯಾಸ ಬೇಡ. ಕೈಯಲ್ಲಿ ಹಿಡಿದು ತಿನ್ನುವ ಆಸೆಯಾದರೆ ಉದ್ದಕ್ಕೆ ಬೆರಳಿನ ಹಾಗೆ ಹೆಚ್ಚಿ, ಆವಿಯಲ್ಲಿ ಚೆನ್ನಾಗಿ ಬೇಯಿಸಿ. ಬೆಂದಿದೆಯೋ ಇಲ್ಲವೋ ನೋಡಲು ಹೆಬ್ಬೆರಳು, ತೋರುಬೆರಳಿನ ನಡುವೆ ಇಟ್ಟು ಒತ್ತಿ. ಸುಲಭವಾಗಿ ಹಿಚುಕಿ ಹೋದರೆ ಮಗುವಿನ ವಸಡಿಗೂ ಹಿಚುಕಲು ಬರುತ್ತದೆ. ಬಿಲ್ಲೆಯಾಗಿ ಹೆಚ್ಚಿದ್ದು ಅರೆಬೆಂದರೆ ಸಾಂಬಾರಿನಲ್ಲಿದ್ದರೂ ಅಪಾಯವೇ. ಸೇಬಿಗೂ ಇದೇ ಪರೀಕ್ಷೆ, ತುರಿಯಿರಿ ಇಲ್ಲವೇ ಬೇಯಿಸಿ.

ಇಷ್ಟೆಲ್ಲ ಮಾಡಿದರೂ ಯಾವತ್ತೋ ಒಂದು ದಿನ ಸಿಕ್ಕಿಕೊಂಡರೆ? ಮೊದಲು ಶಬ್ದ ಕೇಳಿ. ಮಗು ಜೋರಾಗಿ ಕೆಮ್ಮುತ್ತಿದೆ, ಅಳುತ್ತಿದೆ ಅಂದರೆ ಗಾಳಿ ಹೋಗುತ್ತಿದೆ. ಕೆಮ್ಮಲು ಬಿಡಿ, ಪಕ್ಕದಲ್ಲೇ ಇರಿ. ತಲೆ ತಟ್ಟಬೇಡಿ, ನೀರು ಕುಡಿಸಬೇಡಿ, ಕಾಲು ಹಿಡಿದು ತಲೆಕೆಳಗೆ ಮಾಡಬೇಡಿ, ಕಾಣದ ವಸ್ತುವಿಗೆ ಬಾಯೊಳಗೆ ಬೆರಳು ಹಾಕಿ ತಡಕಬೇಡಿ. ಬೆರಳು ಅದನ್ನು ಇನ್ನೂ ಒಳಗೆ ದೂಡುತ್ತದೆ. ಶಬ್ದವೇ ಇಲ್ಲದಿದ್ದರೆ, ಬಾಯಿ ತೆರೆದರೂ ಅಳು ಬಾರದಿದ್ದರೆ, ತುಟಿ ನೀಲಿಗಟ್ಟುತ್ತಿದ್ದರೆ ಕೊಳವೆ ಮುಚ್ಚಿದೆ ಅಂತ ಅರ್ಥ. ಒಬ್ಬರು 108 ಅಥವಾ 112ಕ್ಕೆ ಫೋನ್ ಮಾಡಲಿ, ನೀವು ಕೂತು ಮಗುವನ್ನು ತೊಡೆಯ ಮೇಲೆ ಬೋರಲು ಮಲಗಿಸಿ, ತಲೆ ತಗ್ಗಿರಲಿ. ಎರಡು ಹೆಗಲ ಮೂಳೆಗಳ ನಡುವೆ ಅಂಗೈಯ ಬುಡದಿಂದ ಐದು ಸಲ ಗಟ್ಟಿಯಾಗಿ ಹೊಡೆಯಿರಿ. ಬರಲಿಲ್ಲವೇ, ಮಗುವಿಗೆ ವರ್ಷ ತುಂಬಿದ್ದರೆ ಅದರ ಹಿಂದೆ ಮಂಡಿಯೂರಿ, ಹೊಕ್ಕುಳಿನ ಮೇಲೆ, ಎದೆಮೂಳೆಯ ಕೆಳಗೆ ಮುಷ್ಟಿ ಇಟ್ಟು, ಇನ್ನೊಂದು ಕೈಯಿಂದ ಹಿಡಿದು ಒಳಕ್ಕೂ ಮೇಲಕ್ಕೂ ಐದು ಸಲ ಜಗ್ಗಿ. ಮತ್ತೆ ಬೆನ್ನಿಗೆ ಐದು, ಹೊಟ್ಟೆಗೆ ಐದು, ಹೊರಬರುವ ತನಕ. ವರ್ಷದೊಳಗಿನ ಕೂಸಿಗೆ ಮಾತ್ರ ಹೊಟ್ಟೆ ಒತ್ತಬಾರದು. ಅಂಗಾತ ಮಲಗಿಸಿ ಎದೆಯ ನಡುವೆ ಐದು ಸಲ ಒತ್ತಬೇಕು. ಪ್ರಜ್ಞೆ ತಪ್ಪಿದರೆ ನೆಲದ ಮೇಲೆ ಮಲಗಿಸಿ ಎದೆ ಒತ್ತುವ ಸಿಪಿಆರ್ ಶುರು ಮಾಡಬೇಕು, ಹೇಗೆ ಅಂತ ಫೋನಿನಲ್ಲಿರುವವರನ್ನು ಕೇಳಿ. ವಸ್ತು ಹೊರಗೆ ಬಂದ ಮೇಲೂ ಹೊಟ್ಟೆ ಒತ್ತಿದ್ದರೆ ಡಾಕ್ಟರ್‌ಗೆ ತೋರಿಸಲೇಬೇಕು, ಒಳಗೆ ಪೆಟ್ಟಾಗಿರಬಹುದು. ಓದಿ ಕಲಿಯುವುದಕ್ಕಿಂತ ಇದನ್ನು ಯಾರಾದರೂ ಗೊಂಬೆಯ ಮೇಲೆ ಮಾಡಿ ತೋರಿಸಿದರೆ ಕೈಗೆ ಬರುತ್ತದೆ. ನಿಮ್ಮ ಮಹಿಳಾ ಸಮಾಜಕ್ಕೆ ಅಡುಗೆ ಸ್ಪರ್ಧೆಯ ಬದಲು ಒಂದು ತಿಂಗಳು ಇದನ್ನೇ ಇಟ್ಟುಕೊಳ್ಳಲು ಹೇಳಿ ನೋಡಿ.

‘ನಾವು ನಿಮ್ಮನ್ನೆಲ್ಲ ಹೀಗೇ ಬೆಳೆಸಲಿಲ್ವಾ?’ ಅಂತ ಅತ್ತೆಯವರು ಕೇಳುತ್ತಾರೆ. ನಮ್ಮ ಮನೆಯಲ್ಲೂ ಕೇಳಿದ್ದಾರೆ. ವಾದ ಮಾಡಿದರೆ ಮನಸ್ತಾಪ, ಅಷ್ಟೇ. ನನಗೆ ಕೆಲಸಕ್ಕೆ ಬಂದದ್ದು ಬೇರೆ ಉಪಾಯ: ಮಗುವಿನ ಪುಡಿಯನ್ನು ಅತ್ತೆಯ ಕೈಯಿಂದಲೇ ಮಾಡಿಸಿದೆ. ಅವರು ಕುಟ್ಟಾಣಿಯಲ್ಲಿ ಕುಟ್ಟಿ, ಏಲಕ್ಕಿ ಹಾಕಿ, ಮಿಕ್ಸಿಗಿಂತ ನುಣ್ಣಗೆ ಮಾಡಿಕೊಟ್ಟರು. ಆಮೇಲೆ ಬಂದವರಿಗೆಲ್ಲ ಅವರೇ ಹೇಳತೊಡಗಿದರು, ‘ಮಗೂಗೆ ಆ ತಟ್ಟೇದು ಕೊಡ್ಬೇಡಿ, ಅವನದು ಬೇರೆ ಇದೆ.’

ಎದುರುಮನೆಯ ಅಜ್ಜಿ ಈ ಸಲ ಹಬ್ಬಕ್ಕೆ ಎರಡು ಡಬ್ಬಿ ಕೊಟ್ಟು ಕಳಿಸಿದ್ದರು. ದೊಡ್ಡದರಲ್ಲಿ ಎಂದಿನ ಎಳ್ಳು-ಬೆಲ್ಲ. ಚಿಕ್ಕದರ ಮುಚ್ಚಳದ ಮೇಲೆ ಚೀಟಿ ಅಂಟಿಸಿ, ಅವರದೇ ದುಂಡು ಅಕ್ಷರದಲ್ಲಿ ಬರೆದಿದ್ದರು: ‘ಪುಟ್ಟ ಮಕ್ಕಳಿಗೆ. ಬಾಳೆಹಣ್ಣಿಗೆ ಕಲಸಿ ಕೊಡಿ.’